ರಾತ್ರಿ ಪಟ್ಟಿಯಲ್ಲಿ ಎಲ್ಲದಕ್ಕೂ ಗುರುತು ಬಿದ್ದಿರುತ್ತದೆ, ಬೆಳಿಗ್ಗೆ ಬಂದರೆ ಫ್ರಿಜ್ ಬೆಚ್ಚಗೆ, ಹಿಟ್ಟು ಹುಳಿ

ಬಸ್‌ಸ್ಟ್ಯಾಂಡ್ ಕಾಫಿ

ಶಿವಮೊಗ್ಗದಲ್ಲಿ ನಮ್ಮದೊಂದು ಚಿಕ್ಕ ಕೆಫೆ ಇದೆ. ಬೆಳಿಗ್ಗೆ 6:30ಕ್ಕೆ ಬಾಗಿಲು ತೆಗೆದರೆ ರಾತ್ರಿ 9ಕ್ಕೆ ಮುಚ್ಚುತ್ತೇವೆ. ಕಾಫಿ, ಚಹಾ, ಇಡ್ಲಿ, ದೋಸೆ, ಮಧ್ಯಾಹ್ನ ಚಿತ್ರಾನ್ನ, ಸಂಜೆ ಬಜ್ಜಿ. ಅಡುಗೆಗೆ ಒಬ್ಬರು ಭಟ್ಟರು, ತೊಳೆಯಲು ಒರೆಸಲು ಒಬ್ಬರು ಅಮ್ಮ, ಗಲ್ಲಾದಲ್ಲಿ ಒಬ್ಬ ಹುಡುಗ. ನಾನು ಸಂಜೆ 7ಕ್ಕೆ ಮನೆಗೆ ಹೋಗುತ್ತೇನೆ, ಬಾಗಿಲು ಹಾಕುವುದು ಅವರೇ.

ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದೇನೆ. ಗ್ಯಾಸ್ ಬಂದ್, ಫ್ರಿಜ್ ನೋಡಿದೆ, ನೆಲ ಒರೆಸಿದೆ, ಹಣ ಎಣಿಸಿದೆ, ನಾಳೆಯ ತಯಾರಿ ಆಗಿದೆ ಎಂದು ಇಪ್ಪತ್ತಕ್ಕೂ ಹೆಚ್ಚು ಸಾಲುಗಳಿವೆ. ಪ್ರತಿ ರಾತ್ರಿ ಎಲ್ಲ ಸಾಲಿಗೂ ಗುರುತು ಬಿದ್ದಿರುತ್ತದೆ, ಅದೂ ಒಂದೇ ಪೆನ್ನಿನಿಂದ, ಒಂದೇ ಓಟದಲ್ಲಿ. ಆದರೆ ಬೆಳಿಗ್ಗೆ ಬಂದರೆ ವಾರಕ್ಕೊಮ್ಮೆಯಾದರೂ ಫ್ರಿಜ್‌ನಲ್ಲಿಟ್ಟ ಹಾಲು, ಮೊಸರು ಬೆಚ್ಚಗಿರುತ್ತವೆ. ಮಧ್ಯಾಹ್ನದ ಹೊತ್ತಿಗೆ ಅದೇ ಫ್ರಿಜ್ ಚೆನ್ನಾಗಿ ತಣ್ಣಗಿರುತ್ತದೆ. ಇಡ್ಲಿ ಹಿಟ್ಟು 10 ಗಂಟೆಯ ಸುಮಾರಿಗೆ ಹುಳಿ ಬರುತ್ತದೆ. ಮೊನ್ನೆ ಗಲ್ಲಾದಲ್ಲಿ 340 ರೂಪಾಯಿ ಕಡಿಮೆ ಇತ್ತು. ಹುಡುಗ ಒಳ್ಳೆಯವನು, ಅವನನ್ನು ಹೇಗೆ ಕೇಳುವುದೆಂದೇ ತಿಳಿಯುತ್ತಿಲ್ಲ. ನಿಮ್ಮಲ್ಲಿ ಕೆಲಸಕ್ಕೆ ಬಂದಿರುವ ಪಟ್ಟಿ ಹೇಗಿದೆ, ಹೇಳುವಿರಾ?

ಹೊಸ ಅಂಗಡಿ

ನಾನು ಕೂಡ ಹಾಸನದಲ್ಲಿ ಕೆಫೆ ತೆರೆಯುವ ಯೋಚನೆಯಲ್ಲಿದ್ದೇನೆ. ಒಟ್ಟು ಬಂಡವಾಳ ಎಷ್ಟು ಬೇಕಾಗುತ್ತದೆ? ಆಹಾರ ಪರವಾನಗಿ ಅಂಗಡಿ ತೆರೆಯುವ ಮೊದಲೇ ಮಾಡಿಸಬೇಕೇ?

ಹಳೇ ಮೆಸ್

ಹೊಸ ಅಂಗಡಿಯವರೇ, ಪರವಾನಗಿ ಮೊದಲು. ಉಳಿದದ್ದಕ್ಕೆ ಬೇರೆ ಎಳೆ ತೆರೆಯಿರಿ, ಇಲ್ಲಿ ಪ್ರಶ್ನೆ ಬೇರೆ ಇದೆ.

ಬಸ್‌ಸ್ಟ್ಯಾಂಡ್ ಕಾಫಿಯವರೇ, ನಿಮ್ಮ ಪಟ್ಟಿಯಲ್ಲಿ ಸಾಲು ಹೆಚ್ಚಾದದ್ದು ಅಷ್ಟು ದೊಡ್ಡ ತೊಂದರೆಯಲ್ಲ. ಪ್ರತಿ ಸಾಲೂ ಬರಿಯ ಗುರುತು ಕೇಳುತ್ತಿದೆ, ತೊಂದರೆ ಅಲ್ಲಿದೆ. ಗುರುತನ್ನು ಬಾಗಿಲ ಬಳಿ ನಿಂತುಕೊಂಡೇ ಹಾಕಬಹುದು. 'ಫ್ರಿಜ್ ನೋಡಿದೆ' ಎಂಬುದನ್ನು ತೆಗೆದು 'ಫ್ರಿಜ್ ಎಷ್ಟು ಡಿಗ್ರಿ' ಎಂದು ಬರೆಯಿರಿ. ಅಂಕಿ ಬರೆಯಬೇಕಾದವನು ಫ್ರಿಜ್‌ನವರೆಗೆ ಹೋಗಲೇಬೇಕು. ಸುಳ್ಳು ಅಂಕಿ ಬರೆದರೂ ಬೆಳಿಗ್ಗೆಯ ಅಂಕಿಯ ಪಕ್ಕದಲ್ಲಿಟ್ಟರೆ ಗೊತ್ತಾಗುತ್ತದೆ. ಅಂಕಿ ಬರೆಯಲಾಗದ ಸಾಲು ಪಟ್ಟಿಯಲ್ಲಿ ನಾಲ್ಕೈದಕ್ಕಿಂತ ಹೆಚ್ಚು ಇರಬಾರದು.

ಇನ್ನೊಂದು ವಿಷಯ ಅನುಕ್ರಮ. ನಿಮ್ಮ ಪಟ್ಟಿ ವಿಷಯವಾರು ಇರುವಂತಿದೆ. ರಾತ್ರಿಯ ಕೆಲಸ ಹಾಗೆ ನಡೆಯುವುದಿಲ್ಲ. ಗ್ರೈಂಡರ್ ತೊಳೆದ ನೀರು ನೆಲಕ್ಕೆ ಬರುತ್ತದೆ, ಆದ್ದರಿಂದ ರುಬ್ಬುವುದು ಮುಗಿಯದೆ ನೆಲ ಒರೆಸಿ ಪ್ರಯೋಜನವಿಲ್ಲ. ಒಲೆ ತೊಳೆಯುವ ಮೊದಲು ಗ್ಯಾಸ್ ಬಂದ್ ಆಗಿರಬೇಕು. ಯಾವುದರ ಹಿಂದೆ ಯಾವುದು ಬರುತ್ತದೆಯೋ ಆ ಕ್ರಮದಲ್ಲೇ ಬರೆಯಿರಿ.

ಫ್ರಿಜ್ ವಿಷಯದಲ್ಲಿ ನನಗೊಂದು ಅನುಮಾನವಿದೆ. ರಾತ್ರಿ ಕೊನೆಯಲ್ಲಿ ಯಾರು ಯಾವ ಸ್ವಿಚ್ ಆರಿಸುತ್ತಾರೆ?

ಬೆಣ್ಣೆದೋಸೆ

ದಾವಣಗೆರೆಯಿಂದ. ಫ್ರಿಜ್ ಬೆಚ್ಚಗಾಗಲು ಕಾರಣ ಸಾಮಾನ್ಯವಾಗಿ ಒಂದೇ, ರಾತ್ರಿ ಉಳಿದ ಬಿಸಿ ಸಾಂಬಾರನ್ನು ಹಾಗೇ ಒಳಗೆ ತಳ್ಳುತ್ತಾರೆ. ಬಿಸಿಯದ್ದನ್ನು ಫ್ರಿಜ್‌ನಲ್ಲಿ ಇಡಲೇಬಾರದು. ಪೂರ್ತಿ ತಣ್ಣಗಾಗುವವರೆಗೆ ಹೊರಗೇ ಬಿಡಿ, ರಾತ್ರಿಯಿಡೀ ಆದರೂ ಸರಿ, ಬೆಳಿಗ್ಗೆ ಚೆನ್ನಾಗಿ ಕುದಿಸಿದರೆ ಏನೂ ಆಗುವುದಿಲ್ಲ. ಗಲ್ಲಾದ ವಿಷಯಕ್ಕೂ ಅಷ್ಟೇ, ಕಡಿಮೆ ಬಂದದ್ದನ್ನು ಸಂಬಳದಲ್ಲಿ ಹಿಡಿಯಿರಿ, ಮರುದಿನದಿಂದ ಲೆಕ್ಕ ಸರಿಯಾಗುತ್ತದೆ.

ಹಳೇ ಮೆಸ್

ಬೆಣ್ಣೆದೋಸೆಯವರೇ, ಮೊದಲ ಅರ್ಧ ಸರಿ. ದೊಡ್ಡ ಪಾತ್ರೆಯ ಬಿಸಿ ಸಾಂಬಾರು ಒಳಗೆ ಹೋದರೆ ಪಕ್ಕದ ಹಾಲು, ಮೊಸರಿನ ಮೇಲೆಲ್ಲ ಆ ಬಿಸಿ ಬೀಳುತ್ತದೆ. ಆದರೆ ರಾತ್ರಿಯಿಡೀ ಹೊರಗೆ ಬಿಡುವುದು ಅದಕ್ಕಿಂತ ಕೆಟ್ಟದ್ದು. ಬೇಯಿಸಿದ್ದು 60 ಡಿಗ್ರಿಗಿಂತ ಮೇಲಿರಬೇಕು, ಇಲ್ಲವೇ 5 ಡಿಗ್ರಿಗಿಂತ ಕೆಳಗಿರಬೇಕು. ನಡುವೆ ಹೆಚ್ಚು ಹೊತ್ತು ನಿಂತರೆ ಸೂಕ್ಷ್ಮಾಣುಗಳು ಬೆಳೆಯುತ್ತವೆ. ಅವುಗಳಲ್ಲಿ ಕೆಲವು ಬಿಡುವ ವಿಷ ಬೆಳಿಗ್ಗೆ ಕುದಿಸಿದರೂ ಹೋಗುವುದಿಲ್ಲ. ಅನ್ನದಲ್ಲಿ ಈ ತೊಂದರೆ ಹೆಚ್ಚು, ಆದ್ದರಿಂದ ಉಳಿದ ಚಿತ್ರಾನ್ನವನ್ನು ಮರುದಿನಕ್ಕೆ ಇಡಲೇಬೇಡಿ.

ಸಾಂಬಾರು ಉಳಿಸಲೇಬೇಕೆಂದರೆ ಎರಡು ಬೆರಳು ಆಳಕ್ಕೆ ಬರುವಂತೆ ಅಗಲವಾದ ತಟ್ಟೆಗಳಿಗೆ ಸುರಿಯಿರಿ, ತಣ್ಣೀರು ತುಂಬಿದ ತೊಟ್ಟಿಯಲ್ಲಿ ಅವನ್ನಿಟ್ಟು ಆಗಾಗ ಕಲಕಿ. ಎರಡು ಗಂಟೆಯ ಒಳಗೆ ಕೈಗೆ ಬಿಸಿ ತಾಗದ ಮಟ್ಟಕ್ಕೆ ಬರುತ್ತದೆ. ಆಮೇಲೆ ಫ್ರಿಜ್. ನನ್ನ ಮಟ್ಟಿಗೆ ಹೇಳುವುದಾದರೆ ಸಂಜೆ 6ಕ್ಕೆ ಸಾಂಬಾರಿನ ಕೊನೆಯ ಪಾತ್ರೆಯನ್ನು ಅರ್ಧವೇ ಮಾಡಿಸುತ್ತಿದ್ದೆ. ಉಳಿಯದಿದ್ದರೆ ಈ ತಾಪತ್ರಯವೇ ಇಲ್ಲ. ಕಾಯಿ ಚಟ್ನಿಯನ್ನು ರಾತ್ರಿ ಚೆಲ್ಲುವುದೊಂದೇ ದಾರಿ.

ತಂತಿ ಕೆಲಸ

ನಾನು ಹೋಟೆಲಿನವನಲ್ಲ, ವಿದ್ಯುತ್ ಕೆಲಸ ಮಾಡುವವನು. ಹಳೇ ಮೆಸ್ ಅವರು ಕೇಳಿದ ಸ್ವಿಚ್ ಪ್ರಶ್ನೆಯೇ ಸರಿಯಾದ ದಾರಿ. ಮಧ್ಯಾಹ್ನ ಚೆನ್ನಾಗಿ ತಣ್ಣಗಿರುವ ಫ್ರಿಜ್ ಕೆಟ್ಟಿಲ್ಲ. ಸಣ್ಣ ಅಂಗಡಿಗಳಲ್ಲಿ ರಾತ್ರಿ ಹೊರಡುವವರು 'ಎಲ್ಲ ಆರಿಸಿದರೆ ಒಳ್ಳೆಯದು' ಎಂದು ಮೇನ್ ಸ್ವಿಚ್ಚನ್ನೇ ಕೆಳಗೆ ಎಳೆದುಬಿಡುತ್ತಾರೆ. ಬೆಳಿಗ್ಗೆ ಬಂದವರು ಮೇಲೆ ಎತ್ತುತ್ತಾರೆ. ಫ್ರಿಜ್ ಒಂಬತ್ತು ಗಂಟೆ ನಿಂತಿತ್ತೆಂದು ಯಾರಿಗೂ ಗೊತ್ತಾಗುವುದಿಲ್ಲ. ಬಾಗಿಲು ತೆರೆಯದ ಫ್ರಿಜ್ ಕರೆಂಟ್ ಇಲ್ಲದೆ ಸುಮಾರು ನಾಲ್ಕು ಗಂಟೆ ತಡೆಯುತ್ತದೆ, ಅದಕ್ಕಿಂತ ಹೆಚ್ಚು ನೆಚ್ಚಬಾರದು.

ಪರೀಕ್ಷಿಸುವುದು ಸುಲಭ. ಒಂದು ಲೋಟದಲ್ಲಿ ನೀರು ತುಂಬಿ ಫ್ರೀಜರಿನಲ್ಲಿ ಗಟ್ಟಿಯಾಗಲು ಬಿಡಿ. ಮೇಲೆ ಒಂದು ರೂಪಾಯಿ ನಾಣ್ಯ ಇಡಿ. ಬೆಳಿಗ್ಗೆ ನಾಣ್ಯ ಮೇಲೆಯೇ ಇದ್ದರೆ ಮಂಜುಗಡ್ಡೆ ಕರಗುವಷ್ಟು ಹೊತ್ತು ಕರೆಂಟ್ ಹೋಗಿಲ್ಲ. ಕೆಳಗೆ ಇಳಿದಿದ್ದರೆ ರಾತ್ರಿ ಮಂಜುಗಡ್ಡೆ ಕರಗಿದೆ ಎಂದರ್ಥ. ಆ ಲೋಟವನ್ನು ಯಾರಿಗೂ ಹೇಳದೆ ಹಿಂದಿನ ಮೂಲೆಯಲ್ಲಿ ಇಡಿ.

ಕಡಲತೀರ

ಮಂಗಳೂರಿನಲ್ಲಿ ನಮ್ಮದು ಜ್ಯೂಸ್ ಮತ್ತು ಐಸ್‌ಕ್ರೀಮ್ ಅಂಗಡಿ. ಗಾಜಿನ ಬಾಗಿಲಿನ ಫ್ರಿಜ್ ಬಗ್ಗೆಯೂ ಒಂದು ಮಾತು. ಅದು ಮೊದಲೇ ತಣ್ಣಗಿರುವ ಬಾಟಲಿಗಳನ್ನು ತಣ್ಣಗೆ ಇಟ್ಟುಕೊಳ್ಳಲು ಮಾಡಿದ್ದು. ನಾವು ಹಣ್ಣಿನ ಹೋಳು, ಹಾಲು ಎಲ್ಲ ಅದರಲ್ಲೇ ತುಂಬುತ್ತಿದ್ದೆವು, ಎಂದೂ ಸಾಕಷ್ಟು ತಣ್ಣಗಾಗುತ್ತಿರಲಿಲ್ಲ. ಈಗ ಅದರಲ್ಲಿ ಬಾಟಲಿ ಮಾತ್ರ. ನಿಮ್ಮ ಕೆಫೆಯಲ್ಲಿ ಇರುವುದು ಅದೇ ಆಗಿದ್ದರೆ ಅದೂ ಒಂದು ಕಾರಣ ಇರಬಹುದು.

ಬಸ್‌ಸ್ಟ್ಯಾಂಡ್ ಕಾಫಿ

ನಮ್ಮದು ಎರಡು ಬಾಗಿಲಿನ ಸಾಧಾರಣ ಫ್ರಿಜ್. ನಾಣ್ಯದ ಲೋಟ ಇಟ್ಟಿದ್ದೆ. ಇಂದು ಬೆಳಿಗ್ಗೆ ನೋಡಿದರೆ ನಾಣ್ಯ ಅರ್ಧದವರೆಗೆ ಇಳಿದಿದೆ. ಒರೆಸುವ ಅಮ್ಮನನ್ನು ಕೇಳಿದೆ. 'ನೆಲಕ್ಕೆ ನೀರು ಹೊಯ್ದ ಮೇಲೆ ಶಾಕ್ ಹೊಡೆಯಬಾರದಲ್ಲ ಸಾಮಿ, ಅದಕ್ಕೇ ಮೇನ್ ಆರಿಸುತ್ತೇನೆ. ಮತ್ತೆ ಹಾಕಿ ಹೋಗುತ್ತೇನೆ, ಒಮ್ಮೊಮ್ಮೆ ಬಸ್ಸಿನ ಹೊತ್ತಾದರೆ ಮರೆಯುತ್ತದೆ' ಎಂದರು. ಅವರ ಭಯವೂ ಸರಿಯೇ. ಮೇನ್ ಮುಟ್ಟಬೇಡಿ ಎಂದು ಬರೆದು ಅಂಟಿಸಲೇ?

ತಂತಿ ಕೆಲಸ

ಬರೆದು ಅಂಟಿಸಿದರೆ ಅವರ ಭಯ ಹೋಗುವುದಿಲ್ಲ. ಒಳ್ಳೆಯ ಎಲೆಕ್ಟ್ರಿಷಿಯನ್ನನ್ನು ಕರೆಸಿ ಫ್ರಿಜ್‌ಗೆ ಬೇರೆ ಎಂಸಿಬಿ ಹಾಕಿಸಿ, ಉಳಿದದ್ದೆಲ್ಲ ಇನ್ನೊಂದು ಸ್ವಿಚ್‌ನಿಂದ ಆರುವಂತೆ ಮಾಡಿಸಿ. ಫ್ರಿಜ್‌ನ ಎಂಸಿಬಿಗೆ ಕೆಂಪು ಬಣ್ಣ ಬಳಿಯಿರಿ. ಅದರ ಪ್ಲಗ್ ನೆಲದಿಂದ ಎತ್ತರದಲ್ಲಿರಲಿ. ಜೊತೆಗೆ ಸೋರುವ ಕರೆಂಟ್ ಕಂಡರೆ ತಾನೇ ಬೀಳುವ ಆರ್‌ಸಿಸಿಬಿ ಇದೆಯೇ ನೋಡಿಸಿ, ಒದ್ದೆ ನೆಲದ ಅಡುಗೆಮನೆಗೆ ಅದು ಬೇಕೇ ಬೇಕು. ಅದು ಬಿದ್ದರೆ ಫ್ರಿಜ್ ಕೂಡ ನಿಲ್ಲಬಹುದು, ಆದ್ದರಿಂದ ನಾಣ್ಯದ ಲೋಟ ಅಲ್ಲೇ ಇರಲಿ.

ಹಳೇ ಮೆಸ್

ಫ್ರಿಜ್ ರಾತ್ರಿಯಿಡೀ ಓಡುವಂತೆ ಮಾಡಿದಿರಿ ಎಂದರೆ ಗ್ಯಾಸ್ ವಿಷಯದಲ್ಲಿ ಇನ್ನೂ ಬಿಗಿಯಾಗಬೇಕು. ಫ್ರಿಜ್ ತಾನೇ ಆನ್, ಆಫ್ ಆಗುವಾಗ ಒಳಗೆ ಸಣ್ಣ ಕಿಡಿ ಏಳಬಹುದು. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹಾಸಿಕೊಳ್ಳುತ್ತದೆ, ಫ್ರಿಜ್‌ನ ಮೋಟಾರು ಇರುವುದೂ ನೆಲದ ಬಳಿ. ಬಾಗಿಲು ಮುಚ್ಚಿದ ಅಂಗಡಿಯಲ್ಲಿ ಈ ಎರಡು ಸೇರಬಾರದು. ಫ್ರಿಜ್ ಆರಿಸಲು ಆಗುವುದಿಲ್ಲ, ಆದ್ದರಿಂದ ಸಿಲಿಂಡರನ್ನು ಬಂದ್ ಮಾಡಲೇಬೇಕು.

ಭಟ್ಟರು ಬಹುಶಃ ಒಲೆಯ ಗುಂಡಿ ಮಾತ್ರ ತಿರುಗಿಸಿ ಹೋಗುತ್ತಿರಬಹುದು. ಹಾಗಾದರೆ ಸಿಲಿಂಡರಿನಿಂದ ಒಲೆಯವರೆಗಿನ ಕೊಳವೆಯಲ್ಲಿ ರಾತ್ರಿಯಿಡೀ ಒತ್ತಡ ಇರುತ್ತದೆ, ಯಾವ ಜೋಡಣೆ ಸಡಿಲವಿದ್ದರೂ ಅಲ್ಲಿಂದ ಸೋರುತ್ತದೆ. ಕೊನೆಯ ಒಲೆ ಉರಿಯುತ್ತಿರುವಾಗಲೇ ಸಿಲಿಂಡರಿನ ಕಡೆ ಬಂದ್ ಮಾಡಲು ಹೇಳಿ. ಕೊಳವೆಯಲ್ಲಿ ಉಳಿದದ್ದು ಉರಿದು ಮುಗಿದು ಜ್ವಾಲೆ ತಾನೇ ಆರುತ್ತದೆ. ಆಮೇಲೆ ಗುಂಡಿಗಳನ್ನೆಲ್ಲ ತಿರುಗಿಸುವುದು. ಜ್ವಾಲೆ ಆರಲಿಲ್ಲವೆಂದರೆ ವಾಲ್ವ್ ಸರಿಯಾಗಿ ಮುಚ್ಚಿಲ್ಲ ಅಥವಾ ಎರಡನೆಯ ಸಿಲಿಂಡರ್ ತೆರೆದಿದೆ. ಪಟ್ಟಿಯಲ್ಲಿ 'ಗ್ಯಾಸ್ ಬಂದ್' ಬದಲು 'ಜ್ವಾಲೆ ಆರಿದ ಸಮಯ' ಎಂದು ಬರೆಯಿಸಿ.

ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ದೀಪದ ಸ್ವಿಚ್‌ಗೆ ಕೈ ಹಾಕಬಾರದು. ಹಿಂದಿನ ಬಾಗಿಲು, ಕಿಟಕಿ ತೆರೆದು, ಬಗ್ಗಿ ಸಿಲಿಂಡರಿನ ಬಳಿ ಮೂಸಿ ನೋಡಬೇಕು. ನಿಂತಲ್ಲೇ ಮೂಸಿದರೆ ನೆಲದ ಮೇಲಿರುವುದು ಗೊತ್ತಾಗದು.

ಬೆಣ್ಣೆದೋಸೆ

ವಾಸನೆ ಬಂದರೆ ಎಕ್ಸಾಸ್ಟ್ ಫ್ಯಾನ್ ಹಾಕಿದರಾಯಿತು, ಎರಡು ನಿಮಿಷದಲ್ಲಿ ಹೊರಗೆ ಹೋಗುತ್ತದೆ.

ಹಳೇ ಮೆಸ್

ದಯವಿಟ್ಟು ಹಾಗೆ ಮಾಡಬೇಡಿ. ಆ ಫ್ಯಾನಿನ ಸ್ವಿಚ್ಚೇ ಕಿಡಿ ಕೊಡುತ್ತದೆ. ವಾಸನೆ ಇದ್ದರೆ ಯಾವ ಸ್ವಿಚ್ಚನ್ನೂ ಹಾಕುವಂತಿಲ್ಲ, ಆರಿಸುವಂತಿಲ್ಲ. ಬಾಗಿಲುಗಳನ್ನು ತೆರೆದು, ಕೈಗೆ ಸುಲಭವಾಗಿ ಸಿಕ್ಕರೆ ಸಿಲಿಂಡರನ್ನು ಬಂದ್ ಮಾಡಿ, ಎಲ್ಲರೂ ಹೊರಗೆ ಬರುವುದು. ದೂರ ಹೋಗಿ 1906ಕ್ಕೆ ಫೋನ್ ಮಾಡುವುದು. ಈ ಸಂಖ್ಯೆಯನ್ನು ಶಟರಿನ ಹೊರಗೆ ಬರೆದಿಡಿ, ಒಳಗಿನ ಗೋಡೆಯ ಮೇಲಿದ್ದರೆ ಓದುವವರಾರು?

ಲೆಕ್ಕದ ಪುಸ್ತಕ

340 ರೂಪಾಯಿಯ ಬಗ್ಗೆ ಯಾರೂ ವಿಚಾರಿಸಲೇ ಇಲ್ಲ. ಆ ದಿನದ ಅಂಕಿಗಳನ್ನು ಹಾಕುವಿರಾ? ಬಿಲ್ ಯಂತ್ರದ ಒಟ್ಟು, ಯುಪಿಐ, ಬೆಳಿಗ್ಗೆ ಗಲ್ಲಾದಲ್ಲಿ ಇಟ್ಟ ಚಿಲ್ಲರೆ, ಗಲ್ಲಾದಿಂದ ಮಾಡಿದ ಖರ್ಚು.

ಬಸ್‌ಸ್ಟ್ಯಾಂಡ್ ಕಾಫಿ

ಬೆಳಿಗ್ಗೆ ಚಿಲ್ಲರೆ 2,000. ಬಿಲ್ ಯಂತ್ರದ ಒಟ್ಟು ವ್ಯಾಪಾರ 14,860. ಅದೇ ಯಂತ್ರದ ಚೀಟಿಯಲ್ಲಿ ಯುಪಿಐ 9,730, ನಗದು 5,130 ಎಂದಿದೆ. ತೆಂಗಿನಕಾಯಿ ಮತ್ತು ಕೊತ್ತಂಬರಿಗೆ ಗಲ್ಲಾದಿಂದ ಕೊಟ್ಟದ್ದು 480. ಹಾಗಾದರೆ 6,650 ಇರಬೇಕಿತ್ತು. ಎಣಿಸಿದಾಗ ಇದ್ದದ್ದು 6,310.

ಲೆಕ್ಕದ ಪುಸ್ತಕ

ಯುಪಿಐ ಅಂಕಿಯನ್ನು ಬಿಲ್ ಯಂತ್ರದಿಂದ ತೆಗೆದುಕೊಳ್ಳಬೇಡಿ. ಅದು ಹುಡುಗ ಯಾವ ಗುಂಡಿ ಒತ್ತಿದ ಎಂಬುದನ್ನು ಹೇಳುತ್ತದೆಯೇ ಹೊರತು ಹಣ ಎಲ್ಲಿಗೆ ಬಂತೆಂದು ಹೇಳುವುದಿಲ್ಲ. ನಿಮ್ಮ ಫೋನಿನಲ್ಲಿ ವ್ಯಾಪಾರಿ ಆ್ಯಪ್ ತೆರೆದು, ಆ ದಿನ ಬೆಳಿಗ್ಗೆಯಿಂದ ರಾತ್ರಿಯವರೆಗೆ ಬಂದ ಪಾವತಿಗಳ ಒಟ್ಟು ನೋಡಿ. ಬ್ಯಾಂಕಿಗೆ ಜಮೆಯಾದ ಮೊತ್ತ ಬೇಡ, ಅದು ಮರುದಿನ ಬರಬಹುದು, ಎರಡು ದಿನದ್ದು ಸೇರಿರಬಹುದು.

ಬಸ್‌ಸ್ಟ್ಯಾಂಡ್ ಕಾಫಿ

ಆ್ಯಪ್‌ನಲ್ಲಿ 10,070 ಇದೆ!

ಲೆಕ್ಕದ ಪುಸ್ತಕ

9,730ಕ್ಕೂ 10,070ಕ್ಕೂ ವ್ಯತ್ಯಾಸ 340. ಯಾರೋ ಯುಪಿಐ ಮೂಲಕ ಕೊಟ್ಟದ್ದನ್ನು ಹುಡುಗ ನಗದು ಎಂದು ಒತ್ತಿದ್ದಾನೆ, ಒಂದೇ ದೊಡ್ಡ ಬಿಲ್ ಇರಬಹುದು ಅಥವಾ ಹಲವು ಸಣ್ಣವು ಇರಬಹುದು. ಮತ್ತೆ ಕೂಡಿಸಿ. 14,860ರಲ್ಲಿ 10,070 ಕಳೆದರೆ ನಗದು ವ್ಯಾಪಾರ 4,790. ಅದಕ್ಕೆ 2,000 ಸೇರಿಸಿ 480 ಕಳೆದರೆ 6,310. ಪೈಸೆಗೆ ಪೈಸೆ ಸರಿಯಾಗಿದೆ. ಬೆಣ್ಣೆದೋಸೆಯವರ ಮಾತು ಕೇಳಿ ಸಂಬಳದಲ್ಲಿ ಹಿಡಿದಿದ್ದರೆ, ಎಲ್ಲ ಹಣವೂ ನಿಮ್ಮ ಹತ್ತಿರವೇ ಇದ್ದೂ ಹುಡುಗನಿಂದ ಇನ್ನೊಂದು 340 ವಸೂಲಿ ಮಾಡಿದಂತಾಗುತ್ತಿತ್ತು.

ಇನ್ನು ಎಣಿಸುವ ರೀತಿ. ಹುಡುಗ ಯಂತ್ರದ ಚೀಟಿ ತೆಗೆಯುವ ಮೊದಲೇ ನೋಟುಗಳನ್ನು ಬೆಲೆಯ ಪ್ರಕಾರ ಎಣಿಸಿ ಬರೆಯಲಿ. ಎಷ್ಟಿರಬೇಕೆಂದು ಮೊದಲೇ ಗೊತ್ತಿದ್ದರೆ ಕೈ ತಾನಾಗಿ ಆ ಅಂಕಿಗೆ ಎಣಿಸುತ್ತದೆ. ಎಣಿಸಿದ ಮೇಲೆ ನಾಳೆಗೆ ಬೇಕಾದ 2,000ವನ್ನು ಹತ್ತು, ಇಪ್ಪತ್ತರ ನೋಟು ಮತ್ತು ನಾಣ್ಯಗಳಲ್ಲಿ ಬೇರೆ ಮಾಡಿಡಲಿ. 500ರ ನೋಟು ಅದರಲ್ಲಿ ಒಂದೂ ಬೇಡ, ಬೆಳಿಗ್ಗೆ ಕಾಫಿಗೆ ಬರುವವರೇ ಅದನ್ನು ತರುತ್ತಾರೆ. ಖಾಲಿ ಗಲ್ಲಾವನ್ನು ರಾತ್ರಿ ತೆರೆದೇ ಬಿಡಿ, ಕಳ್ಳ ಬಂದರೂ ಮುರಿಯುವ ಗೋಜು ಇರುವುದಿಲ್ಲ. ಬೆಳಿಗ್ಗೆ ಒಮ್ಮೆ ನಿಮ್ಮ ಕ್ಯುಆರ್ ಚೀಟಿಯನ್ನು ನೀವೇ ಸ್ಕ್ಯಾನ್ ಮಾಡಿ ನಿಮ್ಮ ಹೆಸರು ಬರುತ್ತದೆಯೇ ನೋಡಿ. ಅದರ ಮೇಲೆ ಬೇರೆಯವರ ಚೀಟಿ ಅಂಟಿಸಿ ಹೋಗುವವರಿದ್ದಾರೆ.

ಬೆಣ್ಣೆದೋಸೆ

ಈ ಸಲ ಹಣ ಸಿಕ್ಕಿತು, ಒಪ್ಪುತ್ತೇನೆ. ಆದರೆ ನಿಜವಾಗಿಯೂ ಕಡಿಮೆ ಬಂದಾಗ? ಯಾರೂ ಜವಾಬ್ದಾರರಲ್ಲ ಎಂದರೆ ತಿಂಗಳಿಗೆ ಎಷ್ಟು ಹೋಗುತ್ತದೆ ಗೊತ್ತೇ?

ಲೆಕ್ಕದ ಪುಸ್ತಕ

ಕಡಿಮೆಯಾದದ್ದನ್ನು ಸಂಬಳದಲ್ಲಿ ಹಿಡಿದರೆ ಹೆಚ್ಚು ಬಂದ ದಿನ ಅವನು ಆ ಹೆಚ್ಚಳವನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ, ಮುಂದಿನ ಕೊರತೆಗೆ ಬೇಕಾಗುತ್ತದೆ ಎಂದು. ಆಗ ನಿಮ್ಮ ಪುಸ್ತಕದಲ್ಲಿ ಪ್ರತಿ ದಿನವೂ ಲೆಕ್ಕ ಸರಿ, ಒಳಗೆ ಏನು ನಡೆಯುತ್ತಿದೆಯೆಂದು ಮಾತ್ರ ತಿಳಿಯದು. ಹೆಚ್ಚು, ಕಡಿಮೆ ಎರಡನ್ನೂ ಬರೆಯಿಸಿ. ತಿಂಗಳ ಕೊನೆಗೆ ಎರಡೂ ಬದಿಗೆ ಸಣ್ಣ ಸಣ್ಣ ಅಂಕಿಗಳಿದ್ದರೆ ಅದು ಕೈತಪ್ಪು. ಯಾವಾಗಲೂ ಕಡಿಮೆಯೇ ಬರುತ್ತಿದ್ದರೆ ಬೇರೆ ಮಾತು.

ಬೆಣ್ಣೆದೋಸೆ

ನಿಮಗೆ ಒಳ್ಳೆಯ ಹುಡುಗರು ಸಿಕ್ಕಿದ್ದಾರೆ, ನಮ್ಮ ಅನುಭವ ಬೇರೆ. ಇದನ್ನು ಇಲ್ಲಿಗೇ ಬಿಡೋಣ.

ಬಸ್‌ಸ್ಟ್ಯಾಂಡ್ ಕಾಫಿ

ಹಿಟ್ಟಿನ ವಿಷಯ ಉಳಿಯಿತು. ಸಂಜೆ 5ಕ್ಕೆ ರುಬ್ಬುತ್ತಾರೆ, ರಾತ್ರಿಯಿಡೀ ಹೊರಗೆ ಇರುತ್ತದೆ. ಬೆಳಿಗ್ಗೆ 6:30ರ ಇಡ್ಲಿ ಹೂವಿನಂತೆ ಇರುತ್ತದೆ, 10ರ ಇಡ್ಲಿ ಹುಳಿ.

ಹಳೇ ಮೆಸ್

ಒಂದೇ ಹಿಟ್ಟು ಎರಡು ಹೊತ್ತಿಗೂ ಸರಿ ಹೊಂದುವುದಿಲ್ಲ. 5ಕ್ಕೆ ರುಬ್ಬಿದ್ದು ಬೆಳಿಗ್ಗೆ 10ಕ್ಕೆ ಹದಿನೇಳು ಗಂಟೆ ಕಳೆದಿರುತ್ತದೆ, ಬೇಸಿಗೆಯಲ್ಲಿ ಒಲೆಯ ಬಿಸಿ ಇನ್ನೂ ಆರದ ಅಡುಗೆಮನೆಯಲ್ಲಿ ಹುಳಿಯಾಗದೆ ಏನಾಗುತ್ತದೆ? ರುಬ್ಬುವುದನ್ನು 7ಕ್ಕೆ ತಳ್ಳಿ, ತಣ್ಣೀರು ಹಾಕಿ ರುಬ್ಬಿಸಿ, ಗ್ರೈಂಡರಿನ ಕಲ್ಲು ಬಿಸಿಯಾದರೆ ಹಿಟ್ಟು ಅಲ್ಲೇ ಬೆಚ್ಚಗಾಗುತ್ತದೆ. ಆಮೇಲೆ ಎರಡು ಪಾಲು ಮಾಡಿ. ಬೆಳಗಿನ ಮೊದಲ ಹೊತ್ತಿನದ್ದು ಹೊರಗೆ. 9ರ ನಂತರ ಬೇಕಾದದ್ದು ಬಾಗಿಲು ಹಾಕುವಾಗ ಫ್ರಿಜ್‌ಗೆ, ಅದೂ ಒಂದೇ ದೊಡ್ಡ ಪಾತ್ರೆಯಲ್ಲಿ ಅಲ್ಲ, ಮೂರು ನಾಲ್ಕು ಸಣ್ಣ ಡಬ್ಬಿಗಳಲ್ಲಿ, ನಡುವೆ ಗಾಳಿ ಓಡಾಡುವಂತೆ. ಬೆಳಿಗ್ಗೆ ಬಂದ ಕೂಡಲೇ ಅದನ್ನು ಹೊರಗೆ ತೆಗೆದಿಡಿ, ಹದವಾಗಿ ಉಬ್ಬಿದ ಮೇಲೆ ಬಳಸಿ.

ಒಂದು ಉದ್ದದ ಸ್ಟೀಲ್ ಲೋಟದಲ್ಲಿ ಅರ್ಧ ಮಟ್ಟಕ್ಕೆ ಅದೇ ಹಿಟ್ಟು ಹಾಕಿ ಪಾತ್ರೆಯ ಪಕ್ಕದಲ್ಲಿ ಇಡಿ. ಬೆಳಿಗ್ಗೆ ಎಷ್ಟು ಬೆರಳು ಏರಿದೆ ಎಂದು ಬರೆಯಿರಿ. ಚಳಿಗಾಲದಲ್ಲಿ ಅದು ಏರದಿದ್ದಾಗ ರುಬ್ಬುವ ಹೊತ್ತನ್ನು ಹಿಂದಕ್ಕೆ ತರಬೇಕೆಂದು ಆ ಲೋಟವೇ ಹೇಳುತ್ತದೆ.

ಉಳಿದ ತಯಾರಿ ಹೆಚ್ಚಿಲ್ಲ. ಫಿಲ್ಟರಿಗೆ ಪುಡಿ ತುಂಬಿ ಮುಚ್ಚಿಡಿ, ನೀರು ಮಾತ್ರ ಬೆಳಿಗ್ಗೆ. ಬೇಳೆ ತೊಳೆದು ಅಳತೆ ಮಾಡಿಡಿ. ಕಾಯಿ ರಾತ್ರಿಯೇ ತುರಿಯಬೇಡಿ, ಎಷ್ಟು ಕಾಯಿ ಇದೆ ಎಂದು ಬರೆದರೆ ಸಾಕು.

ಕಡಲತೀರ

ಗ್ಯಾಸ್ ಎಷ್ಟು ಉಳಿದಿದೆ ಎಂದೂ ಬರೆಯಿಸಿ. ಸಿಲಿಂಡರಿನ ಮೇಲೆ ಖಾಲಿ ತೂಕ ಬರೆದಿರುತ್ತದೆ, ತೂಗಿ ಕಳೆದರೆ ಗೊತ್ತಾಗುತ್ತದೆ. ಬೆಳಿಗ್ಗೆ 7 ಗಂಟೆಗೆ ಗ್ಯಾಸ್ ಮುಗಿದರೆ ಆ ದಿನದ ವ್ಯಾಪಾರ ಹೋದಂತೆ.

ಹಳೇ ಮೆಸ್

ಜೋಡಿಸಿದ ಸಿಲಿಂಡರನ್ನು ದಿನವೂ ಬಿಚ್ಚಿ ತೂಗುವುದು ಬೇಡ, ಬಿಚ್ಚಿದಷ್ಟೂ ಜೋಡಣೆ ಸವೆಯುತ್ತದೆ. ಹೊಸದನ್ನು ತೆರೆದ ದಿನಾಂಕವನ್ನು ಸೀಮೆಸುಣ್ಣದಲ್ಲಿ ಅದರ ಮೇಲೆಯೇ ಬರೆಯಿರಿ. ನಿಮ್ಮಲ್ಲಿ 19 ಕಿಲೋದ ಒಂದು ಸಿಲಿಂಡರ್ ಎಷ್ಟು ದಿನ ಬರುತ್ತದೆಂದು ಎರಡು ವಾರದಲ್ಲಿ ಗೊತ್ತಾಗುತ್ತದೆ. ನಾಳೆ ಮುಗಿಯುವಂತಿದ್ದರೆ ತುಂಬಿದ್ದನ್ನು ಬೆಳಕಿರುವಾಗಲೇ ತಂದಿಟ್ಟುಕೊಳ್ಳಿ. ಬದಲಿಸಿದ ಕೂಡಲೇ ಜೋಡಣೆಗೆ ಸಾಬೂನು ನೀರು ಹಚ್ಚಿ, ಗುಳ್ಳೆ ಎದ್ದರೆ ಸೋರುತ್ತಿದೆ ಎಂದು. ಬೆಂಕಿಕಡ್ಡಿ ಹಿಡಿದು ನೋಡುವವರನ್ನು ನಾನು ಕಂಡಿದ್ದೇನೆ, ಅವರನ್ನು ಸಿಲಿಂಡರಿನ ಹತ್ತಿರ ಬಿಡಬೇಡಿ.

ತೊಳೆಯುವ ಬಗ್ಗೆ ಒಂದೇ ಮಾತು. ಚರಂಡಿಗೆ ಬ್ಲೀಚಿಂಗ್ ಪುಡಿ ಹಾಕುವವರು ಅದೇ ಹೊತ್ತಿಗೆ ಶೌಚಾಲಯದ ಆ್ಯಸಿಡ್ ಸುರಿಯಬಾರದು, ಉಸಿರು ಕಟ್ಟುವ ಅನಿಲ ಬರುತ್ತದೆ. ಎರಡನ್ನೂ ಬೇರೆ ಬೇರೆ ಜಾಗದಲ್ಲಿಡಿ.

ಬಸ್‌ಸ್ಟ್ಯಾಂಡ್ ಕಾಫಿ

ಹಳೆಯ ಪಟ್ಟಿ ಕಿತ್ತು ಹಾಕಿದೆ. ಹೊಸದು ಹೀಗಿದೆ, ತಪ್ಪಿದ್ದರೆ ಹೇಳಿ.

ರಾತ್ರಿ: ರುಬ್ಬಿ ಮುಗಿದ ಸಮಯ \_\_\_ / ಫ್ರಿಜ್‌ಗೆ ಹೋದ ಹಿಟ್ಟಿನ ಡಬ್ಬಿಗಳು \_\_\_ / ಚೆಲ್ಲಿದ ಚಟ್ನಿ, ಅನ್ನ ಎಷ್ಟು \_\_\_ / ಜ್ವಾಲೆ ಆರಿದ ಸಮಯ \_\_\_ / ಒಲೆ, ಗ್ರೈಂಡರ್, ಚರಂಡಿ, ಕೊನೆಗೆ ನೆಲ / ಎಣಿಸಿದ ನಗದು \_\_\_ / ಆ್ಯಪ್‌ನ ಯುಪಿಐ \_\_\_ / ಯಂತ್ರದ ಒಟ್ಟು \_\_\_ / ಕಾಯಿ \_\_\_ / ಫ್ರಿಜ್ ಡಿಗ್ರಿ \_\_\_

ಬೆಳಿಗ್ಗೆ: ಬಾಗಿಲು, ಮೂಸುವುದು, ಆಮೇಲೆ ದೀಪ / ಫ್ರಿಜ್ ತೆರೆದ ಕೂಡಲೇ ಡಿಗ್ರಿ \_\_\_ / ನಾಣ್ಯ ಮೇಲೆಯೋ ಕೆಳಗೆಯೋ / ಲೋಟದ ಹಿಟ್ಟು \_\_\_ ಬೆರಳು / ಕ್ಯುಆರ್‌ನಲ್ಲಿ ಬಂದ ಹೆಸರು \_\_\_ / ಚಿಲ್ಲರೆ \_\_\_

ಎಲೆಕ್ಟ್ರಿಷಿಯನ್ ಗುರುವಾರ ಬರುತ್ತಾರೆ. ಆ್ಯಪ್ ನನ್ನ ಫೋನಿನಲ್ಲಿದೆ, ಆದ್ದರಿಂದ ಆ ಸಾಲನ್ನು ಮನೆಯಿಂದ ನಾನೇ ಹೇಳುತ್ತೇನೆ.

ಹಳೇ ಮೆಸ್

ಥರ್ಮಾಮೀಟರನ್ನು ಫ್ರಿಜ್‌ನ ಬಾಗಿಲಿಗೆ ತೂಗುಹಾಕಬೇಡಿ, ನಡುವಿನ ಅರೆಯಲ್ಲಿ ಒಂದು ಲೋಟ ನೀರಿನೊಳಗೆ ಇಡಿ. ಬಾಗಿಲು ತೆರೆದ ಕೂಡಲೇ ಗಾಳಿಯ ಉಷ್ಣತೆ ಏರುತ್ತದೆ, ನೀರಿನದ್ದು ಏರುವುದಿಲ್ಲ. ರಾತ್ರಿಯ ಡಿಗ್ರಿಯನ್ನು ಹಿಟ್ಟು ತುಂಬುವ ಮೊದಲು ಬರೆಯಿಸಿ, ನೀವು ಅದನ್ನು ಕೊನೆಗೆ ಹಾಕಿದ್ದೀರಿ. ಉಳಿದದ್ದು ಸರಿಯಾಗಿದೆ.

ಚೆಲ್ಲಿದ ಅನ್ನದ ಅಂಕಿಯನ್ನು ಮಾತ್ರ ಭಟ್ಟರ ಎದುರು ಗಟ್ಟಿಯಾಗಿ ಓದಬೇಡಿ. ಓದಿದಿರೋ, ಅವರು ಚೆಲ್ಲುವುದನ್ನೇ ನಿಲ್ಲಿಸುತ್ತಾರೆ.

ಹೊಸ ಅಂಗಡಿ

ಆ ನಾಣ್ಯದ ಲೋಟ ಮನೆಯ ಫ್ರಿಜ್‌ಗೂ ಆಗುತ್ತದೆಯೇ?

ತಂತಿ ಕೆಲಸ

ಆಗುತ್ತದೆ. ಊರಿಗೆ ಹೋಗುವ ಮೊದಲು ಇಟ್ಟು ಹೋಗಿ.